ಕೋಡ್ ಬ್ಲೂ ಹಾಳೆ: ಯಾವ ಗಡಿಯಾರದ ಹೊತ್ತು?

ಆಸ್ಪತ್ರೆಯ ಒಂದು ಫೈಲಿನಲ್ಲಿ ಹೀಗಿದೆ ಎಂದುಕೊಳ್ಳಿ. ರಾತ್ರಿ 02:14ಕ್ಕೆ ರೋಗಿಯ ನಾಡಿ ಸಿಗಲಿಲ್ಲ ಎಂದು ಸಿಸ್ಟರ್ ಬರೆದಿದ್ದಾರೆ. ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರದಿಂದ ಹೊರಬಂದ ಕಾಗದದ ಪಟ್ಟಿಯನ್ನು ಅದೇ ಹಾಳೆಗೆ ಪಿನ್ ಮಾಡಿದ್ದಾರೆ. ಪಟ್ಟಿಯ ಮೇಲೆ ಅಚ್ಚಾಗಿರುವ ಹೊತ್ತು 02:13. ಎರಡನ್ನೂ ನಂಬಿದರೆ, ಹೃದಯ ನಿಲ್ಲುವುದಕ್ಕೆ ಒಂದು ನಿಮಿಷ ಮೊದಲೇ ಶಾಕ್ ಕೊಟ್ಟಂತಾಯಿತು! ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಸಿಸ್ಟರ್ ಗೋಡೆ ಗಡಿಯಾರ ನೋಡಿ ಬರೆದರು, ಯಂತ್ರ ತನ್ನ ಹೊಟ್ಟೆಯೊಳಗಿನ ಗಡಿಯಾರ ನೋಡಿ ಅಚ್ಚು ಹಾಕಿತು. ಎರಡಕ್ಕೂ ತಾಳಮೇಳ ಇರಲಿಲ್ಲ, ಅಷ್ಟೇ.

ಇದು ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥವು ನಿಜವಾಗಿಯೂ ಆಗುತ್ತವೆ. ಆಸ್ಪತ್ರೆಯೊಳಗೆ ಹೃದಯ ಸ್ತಂಭನವಾದ ರೋಗಿಗಳ ವಿವರ ಸಂಗ್ರಹಿಸುವ ಅಮೆರಿಕದ ರಾಷ್ಟ್ರೀಯ ರಿಜಿಸ್ಟ್ರಿಯ ದಾಖಲೆಗಳನ್ನು ಕೆದಕಿದಾಗ, ಕೆಲವು ಕಡೆ ಹೊತ್ತನ್ನು ಬರೆದೇ ಇರಲಿಲ್ಲ. ಇನ್ನು ಕೆಲವು ಕಡೆ ಲೆಕ್ಕ ಹಾಕಿದರೆ ಅಂತರ ಸೊನ್ನೆಗಿಂತ ಕಡಿಮೆ ಬರುತ್ತಿತ್ತು. ಈ ಬಗ್ಗೆ 2005ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನವೇ ಬಂತು.

ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಂದೆರಡು ರಾತ್ರಿ ಕಳೆದವರಿಗೆ ಸ್ಪೀಕರಿನಲ್ಲಿ 'ಕೋಡ್ ಬ್ಲೂ, ಥರ್ಡ್ ಫ್ಲೋರ್' ಎಂದು ಕೂಗುವುದು ಕೇಳಿಸಿರುತ್ತದೆ. ಯಾರದೋ ಹೃದಯ ನಿಂತಿದೆ, ಗೊತ್ತುಪಡಿಸಿದ ತಂಡ ಓಡಿ ಬರಬೇಕು ಎಂಬ ಸೂಚನೆ ಅದು. ಆಮೇಲಿನ ಹತ್ತಿಪ್ಪತ್ತು ನಿಮಿಷದಲ್ಲಿ ಏನೇನಾಯಿತೆಂದು ಬರೆದಿಡುವ ಒಂದು ಮುದ್ರಿತ ಹಾಳೆ ಇರುತ್ತದೆ. ಕ್ರ್ಯಾಶ್ ಕಾರ್ಟ್ ಎಂಬ ಔಷಧಿ ಗಾಡಿಯ ಮೇಲೆ ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿಟ್ಟಿರುತ್ತಾರೆ. ಭಾರತದಲ್ಲಿ ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವ ಆಸ್ಪತ್ರೆ ಇಂಥ ಘಟನೆಯನ್ನು ದಾಖಲಿಸಬೇಕು, ಆಮೇಲೆ ಕೂತು ವಿಶ್ಲೇಷಿಸಲೂಬೇಕು.

ಹಾಳೆಯ ತಲೆಯಲ್ಲಿ ರೋಗಿಯ ಹೆಸರು, ನಂಬರು, ವಾರ್ಡು. ಅದರ ಕೆಳಗೆ ಒಂದಷ್ಟು ಹೊತ್ತುಗಳ ಚೌಕಗಳು: ಸ್ತಂಭನ ಗೊತ್ತಾದದ್ದು ಯಾವಾಗ, ಕೋಡ್ ಕರೆದದ್ದು ಯಾವಾಗ, ಎದೆ ಒತ್ತಲು ಶುರು ಮಾಡಿದ್ದು, ತಂಡ ಬಂದದ್ದು, ಮೊದಲ ಶಾಕ್, ಮೊದಲ ಅಡ್ರಿನಲಿನ್. ನಡುವೆ ಉದ್ದದ ಕೋಷ್ಟಕ, ಸಾಲಿಗೊಂದು ಹೊತ್ತು. ಆ ಹೊತ್ತಿಗೆ ಮಾನಿಟರಿನಲ್ಲಿ ಕಂಡ ಹೃದಯದ ಲಯ, ನಾಡಿ ಇತ್ತೋ ಇಲ್ಲವೋ, ಶಾಕ್ ಎಷ್ಟು ಜೂಲ್, ಔಷಧಿ ಎಷ್ಟು ಮಿಲಿಗ್ರಾಂ, ಯಾವ ದಾರಿಯಲ್ಲಿ ಕೊಟ್ಟದ್ದು ಎಂಬ ಅಂಕಣಗಳು. ಕೊನೆಯಲ್ಲಿ ಯಾಕೆ ನಿಲ್ಲಿಸಿದರು, ತಂಡದಲ್ಲಿ ಯಾರು ಯಾವ ಕೆಲಸ ಮಾಡಿದರು, ಸಹಿ.

ಕಾಲಿ ಹಾಳೆ ನೋಡಿದರೆ ಏನೂ ಅರ್ಥವಾಗುವುದಿಲ್ಲ. ತುಂಬಿಸಿ ನೋಡೋಣ. ಹೃದಯಾಘಾತವಾಗಿ ದಾಖಲಾದ 58 ವರ್ಷದ ಒಬ್ಬರು ಮಾನಿಟರ್ ಇರುವ ವಾರ್ಡಿನಲ್ಲಿ ಮಲಗಿದ್ದಾರೆ. ಕೈಯಲ್ಲಿ ಕ್ಯಾನುಲಾ ಇದೆ. 02:14ಕ್ಕೆ ಅಲಾರಂ ಬಡಿದುಕೊಳ್ಳುತ್ತದೆ. ಸಿಸ್ಟರ್ ಓಡಿ ಬಂದು ಭುಜ ಅಲ್ಲಾಡಿಸಿ ಕೂಗುತ್ತಾರೆ, ಉತ್ತರವಿಲ್ಲ. ಉಸಿರು ಸರಿಯಿಲ್ಲ, ಕತ್ತಿನ ನಾಡಿ ಸಿಗುತ್ತಿಲ್ಲ. 'ಕೋಡ್ ಹೇಳಿ' ಎಂದು ಕೂಗಿ ಅಲ್ಲಿಯೇ ಎದೆ ಒತ್ತಲು ಶುರು ಮಾಡುತ್ತಾರೆ. ಇನ್ನೊಬ್ಬ ಸಿಸ್ಟರ್ ಫೋನ್ ಮಾಡಿ ಆಪರೇಟರಿಗೆ ತಿಳಿಸುವ ಹೊತ್ತಿಗೆ 02:15. ಗಾಡಿ ಬಂದು, ಎದೆಗೆ ಪ್ಯಾಡ್ ಅಂಟಿಸಿದಾಗ ಮಾನಿಟರಿನಲ್ಲಿ ಅಡ್ಡಾದಿಡ್ಡಿ ಗೀಚಿದಂಥ ರೇಖೆ: ವೆಂಟ್ರಿಕ್ಯುಲರ್ ಫಿಬ್ರಿಲೇಶನ್, ಆಸ್ಪತ್ರೆಯ ಮಾತಿನಲ್ಲಿ ವಿಎಫ್. ಹೃದಯದ ಸ್ನಾಯು ಒಟ್ಟಿಗೆ ಸಂಕುಚಿಸದೆ ಸುಮ್ಮನೆ ನಡುಗುತ್ತಿದೆ, ರಕ್ತ ಮುಂದೆ ಹೋಗುತ್ತಿಲ್ಲ. 02:17ಕ್ಕೆ ಡ್ಯೂಟಿ ಡಾಕ್ಟರ್ 200 ಜೂಲ್ ಶಾಕ್ ಕೊಡುತ್ತಾರೆ. ಶಾಕ್ ಆದ ಕೂಡಲೇ, ನಾಡಿ ನೋಡುತ್ತ ಕೂರದೆ, ಮತ್ತೆ ಎರಡು ನಿಮಿಷ ಎದೆ ಒತ್ತುತ್ತಾರೆ. 02:18ಕ್ಕೆ ತಂಡ ಬರುತ್ತದೆ. 02:19ಕ್ಕೆ ಲಯ ನೋಡಿದರೆ ಇನ್ನೂ ವಿಎಫ್, ಎರಡನೇ ಶಾಕ್. 02:20ಕ್ಕೆ ಅಡ್ರಿನಲಿನ್ 1 ಮಿಲಿಗ್ರಾಂ ರಕ್ತನಾಳಕ್ಕೆ. 02:21ಕ್ಕೆ ಮೂರನೇ ಶಾಕ್, 02:22ಕ್ಕೆ ಅಮಿಯೋಡರೋನ್ 300 ಮಿಲಿಗ್ರಾಂ. ಮುಂದಿನದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ಸಣ್ಣ ಪ್ರಶ್ನೆ: ಮೊದಲ ಶಾಕಿಗೆ ಎಷ್ಟು ನಿಮಿಷ ಹಿಡಿಯಿತು?

ನಾಡಿ ಇಲ್ಲವೆಂದು ಗೊತ್ತಾದ 02:14ರಿಂದ ಎಣಿಸಿದರೆ ಮೂರು ನಿಮಿಷ. ಕೋಡ್ ಕರೆದ 02:15ರಿಂದ ಎಣಿಸಿದರೆ ಎರಡು. ಒಂದು ನಿಮಿಷದಲ್ಲಿ ಏನು ಮಹಾ ಎನ್ನಬೇಡಿ. ಆಸ್ಪತ್ರೆಯೊಳಗೆ ವಿಎಫ್ ಆದವರಿಗೆ ಎರಡು ನಿಮಿಷದೊಳಗೆ ಶಾಕ್ ಕೊಡಬೇಕು ಎಂಬುದು ತಜ್ಞರ ಶಿಫಾರಸು. ಅಮೆರಿಕದ 369 ಆಸ್ಪತ್ರೆಗಳ 6,789 ರೋಗಿಗಳ ದಾಖಲೆ ಇಟ್ಟುಕೊಂಡು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಅಳೆಯಿತು. ಎರಡು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ 39.3ರಷ್ಟು ಜನ ಬದುಕಿ ಮನೆಗೆ ಹೋದರು, ತಡವಾದವರಲ್ಲಿ ಶೇ 22.2ರಷ್ಟು ಜನ ಮಾತ್ರ. ಸುಮಾರು ಮೂರರಲ್ಲಿ ಒಬ್ಬರಿಗೆ ಶಾಕ್ ತಡವಾಗಿತ್ತು. ಅಂದರೆ ನಮ್ಮ ರೋಗಿಯ ಹಾಳೆಯಲ್ಲಿ ಯಾವ ಚೌಕದಿಂದ ಎಣಿಸುತ್ತೀರಿ ಎನ್ನುವುದರ ಮೇಲೆ ಆ ರಾತ್ರಿ ವಾರ್ಡು ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂಬ ತೀರ್ಪೇ ಬದಲಾಗುತ್ತದೆ.

ಎಣಿಕೆ ಶುರುವಾಗಬೇಕಾದದ್ದು ಸ್ತಂಭನ ಗೊತ್ತಾದ ಕ್ಷಣದಿಂದ. ಕೋಡ್ ಕರೆಯುವುದು ತಡವಾದರೆ ಆ ತಡವೂ ಲೆಕ್ಕಕ್ಕೆ ಬರಬೇಕು. ಅದಕ್ಕೇ ಎರಡಕ್ಕೂ ಬೇರೆ ಬೇರೆ ಚೌಕ ಇರುವುದು. ನಡೆದಾಗ ಮಾತ್ರ, ಸುಲಭವಾಗಿ ಸಿಗುವ ಹೊತ್ತು ಕೋಡ್ ಕರೆದದ್ದು. ಆಪರೇಟರಿನ ಪುಸ್ತಕದಲ್ಲಿ ಅದು ಬರೆದಿಟ್ಟಿರುತ್ತದೆ. ಮೊದಲ ಸಿಸ್ಟರಿನ ಎರಡೂ ಕೈ ರೋಗಿಯ ಎದೆಯ ಮೇಲಿದ್ದವು, ಅವರು ಗಡಿಯಾರ ನೋಡಿರಲಿಕ್ಕಿಲ್ಲ. ಹಾಗಾಗಿ ಎರಡೂ ಚೌಕದಲ್ಲಿ ಒಂದೇ ಹೊತ್ತು, 02:15, ಬಿದ್ದುಬಿಡುತ್ತದೆ. ಹಾಳೆ ಅಚ್ಚುಕಟ್ಟಾಗಿ ಕಾಣುತ್ತದೆ, ಒಂದು ನಿಮಿಷ ಕಾಣೆಯಾಗಿರುತ್ತದೆ. ಒಂದು ಆಸ್ಪತ್ರೆಯ ಇಂಥ ಹಾಳೆಗಳನ್ನು ಸಾಲಾಗಿ ಹರವಿದಾಗ ಎಲ್ಲದರಲ್ಲೂ ಗೊತ್ತಾದ ಹೊತ್ತು, ಕರೆದ ಹೊತ್ತು, ಒತ್ತಲು ಶುರು ಮಾಡಿದ ಹೊತ್ತು ಮೂರೂ ಒಂದೇ ಆಗಿದ್ದರೆ ಅನುಮಾನ ಪಡಬೇಕು.

ಸೆಕೆಂಡು ಬರೆಯದಿರುವುದೂ ಒಂದು ತೊಡಕು. ಸ್ತಂಭನ 02:14:05ಕ್ಕೆ ಗೊತ್ತಾಗಿ ಶಾಕ್ 02:16:58ಕ್ಕೆ ಬಿದ್ದರೆ ಹಾಳೆಯ ಮೇಲೆ ಎರಡು ನಿಮಿಷ, ನಿಜದಲ್ಲಿ ಹೆಚ್ಚುಕಡಿಮೆ ಮೂರು. 02:14:50ಕ್ಕೆ ಗೊತ್ತಾಗಿ 02:17:05ಕ್ಕೆ ಶಾಕ್ ಬಿದ್ದರೆ ಹಾಳೆಯಲ್ಲಿ ಮೂರು, ನಿಜದಲ್ಲಿ ಎರಡೂಕಾಲು. ಬೇಗ ಕೊಟ್ಟವರು ತಡ ಮಾಡಿದವರ ಪಟ್ಟಿಗೆ ಸೇರುತ್ತಾರೆ, ತಡ ಮಾಡಿದವರು ಪಾರಾಗುತ್ತಾರೆ. ಹೀಗಾಗಿ ಒಂದೇ ಹಾಳೆ ಹಿಡಿದುಕೊಂಡು ಒಬ್ಬ ಸಿಸ್ಟರನ್ನು ನಿಲ್ಲಿಸಿ ಕೇಳುವುದು ಅನ್ಯಾಯ. ವರ್ಷದ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಆಸ್ಪತ್ರೆಯ ನಡೆ ತಿಳಿಯುತ್ತದೆ.

ಹಾಗಾದರೆ ಮೊದಲು ಹೇಳಿದ 02:13ರ ಪಟ್ಟಿಯ ಕಥೆ ಏನು? ಅದಕ್ಕೆ ಮದ್ದು ಬಹಳ ಸರಳ, ಖರ್ಚೂ ಇಲ್ಲ. ಗಲಾಟೆ ಮುಗಿದ ಮೇಲೆ ದಾಖಲೆ ಬರೆಯುವವರು ಡಿಫಿಬ್ರಿಲೇಟರಿನ ಪರದೆಯನ್ನೂ ಗೋಡೆ ಗಡಿಯಾರವನ್ನೂ ಒಂದೇ ಕ್ಷಣದಲ್ಲಿ ನೋಡಿ ಎರಡನ್ನೂ ಹಾಳೆಯಲ್ಲಿ ಬರೆಯಬೇಕು: 'ಯಂತ್ರ 02:38, ಗೋಡೆ 02:42'. ಯಂತ್ರ ನಾಲ್ಕು ನಿಮಿಷ ಹಿಂದಿದೆ ಎಂದು ಗೊತ್ತಾಯಿತು. ಪಟ್ಟಿಯ ಎಲ್ಲ ಹೊತ್ತಿಗೂ ನಾಲ್ಕು ಕೂಡಿಸಿದರೆ 02:13 ಹೋಗಿ 02:17 ಆಗುತ್ತದೆ, ಮೊದಲ ಶಾಕ್ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಈ ಎರಡು ಅಂಕಿ ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲದಿದ್ದರೆ ಆ ಹಾಳೆಯನ್ನು ಮರುಮುದ್ರಣ ಮಾಡಿಸುವುದು ಒಳ್ಳೆಯದು. ಸ್ತಂಭನ ನಡೆಯುತ್ತಿರುವಾಗ ಒಂದೇ ಗಡಿಯಾರವನ್ನು ಹಿಡಿದುಕೊಳ್ಳಬೇಕು, ಅದು ಯಾವುದಾದರೂ ಸರಿ. ಆರಂಭ ಗೋಡೆಯದು, ಔಷಧಿ ಕೈಗಡಿಯಾರದ್ದು, ಅಂತ್ಯ ಮೊಬೈಲಿನದು ಎಂದಾದರೆ ಆಮೇಲೆ ಬ್ರಹ್ಮನಿಗೂ ಬಿಡಿಸಲಾಗದು. ಅಂದಹಾಗೆ 24 ಗಂಟೆಯ ಲೆಕ್ಕದಲ್ಲೇ ಬರೆಯಬೇಕು, ದಿನಾಂಕವನ್ನೂ ಹಾಕಬೇಕು. 23:58ಕ್ಕೆ ಶುರುವಾಗಿ 00:09ಕ್ಕೆ ಮುಗಿದ ಸ್ತಂಭನವನ್ನು ಕಂಪ್ಯೂಟರಿಗೆ ಏರಿಸುವಾಗ ದಿನಾಂಕ ಬದಲಿಸುವುದು ಮರೆತರೆ ಮತ್ತೆ ಅದೇ ಸೊನ್ನೆಗಿಂತ ಕೆಳಗಿನ ಲೆಕ್ಕ.

ಈ ಹೊತ್ತುಗಳಿಗೆಲ್ಲ ಒಂದೇ ಅರ್ಥ ಇರಬೇಕು ಎಂಬ ಪ್ರಯತ್ನ ಶುರುವಾದದ್ದು ನಾರ್ವೆಯಲ್ಲಿ. ಸ್ಟಾವಾಂಗರ್ ಊರಿನ ಹತ್ತಿರದ ದ್ವೀಪವೊಂದರಲ್ಲಿ ಉಟ್‌ಸ್ಟೈನ್ ಎಂಬ ಹಳೆಯ ಕ್ರೈಸ್ತ ಮಠವಿದೆ. 1990ರಲ್ಲಿ ಹಲವು ದೇಶಗಳ ವೈದ್ಯರು ಅಲ್ಲಿ ಸೇರಿದರು. ಒಬ್ಬರು 'ಬದುಕಿದರು' ಎಂದರೆ ನಾಡಿ ಬಂತು ಎಂದರ್ಥ, ಇನ್ನೊಬ್ಬರು ಅಂದರೆ ಮನೆಗೆ ಹೋದರು ಎಂದರ್ಥ. ಹೀಗಿದ್ದರೆ ಹೋಲಿಸುವುದು ಹೇಗೆ ಎಂಬುದು ಅವರ ತಲೆನೋವು. ಅಲ್ಲಿಂದ ಹುಟ್ಟಿದ ವರದಿಯ ಮಾದರಿಗೆ ಮಠದ ಹೆಸರೇ ಅಂಟಿಕೊಂಡಿತು. ಆಸ್ಪತ್ರೆಯೊಳಗಿನ ಸ್ತಂಭನಕ್ಕೆ ಪ್ರತ್ಯೇಕ ಉಟ್‌ಸ್ಟೈನ್ ಮಾದರಿ ಬಂದದ್ದು 1997ರಲ್ಲಿ. ಜಗತ್ತಿನ ಬಹುತೇಕ ಕೋಡ್ ಬ್ಲೂ ಹಾಳೆಗಳ ಚೌಕಗಳು ಇದರ ವಂಶದವೇ.

ಈಗ ನಮ್ಮ ರೋಗಿಯ ಹಾಸಿಗೆಯ ಹತ್ತಿರ ಹೋಗೋಣ. 02:23ಕ್ಕೆ ಎಲ್ಲರೂ ಕೈ ತೆಗೆದು ಮಾನಿಟರ್ ನೋಡುತ್ತಾರೆ. ಗೀಚು ಹೋಗಿದೆ, ನಿಮಿಷಕ್ಕೆ 70ರಂತೆ ಚೊಕ್ಕವಾದ ಅಲೆಗಳು ಬರುತ್ತಿವೆ. ಹೊಸಬರಾದರೆ 'ಬಂತು!' ಎಂದುಬಿಡುತ್ತಾರೆ. ತಂಡದ ಮುಖ್ಯಸ್ಥೆ ಮಾತ್ರ 'ನಾಡಿ?' ಎಂದು ಕೇಳುತ್ತಾರೆ. ಕತ್ತಿಗೆ ಬೆರಳಿಟ್ಟವರು ಹತ್ತು ಸೆಕೆಂಡಿನೊಳಗೆ ತಲೆ ಅಲ್ಲಾಡಿಸುತ್ತಾರೆ, ಇಲ್ಲ. ಹೃದಯದ ವಿದ್ಯುತ್ತು ಸರಿಯಾಗಿ ಹರಿಯುತ್ತಿದೆ, ಸ್ನಾಯು ಮಾತ್ರ ಕೆಲಸ ಮಾಡುತ್ತಿಲ್ಲ. ಇದಕ್ಕೆ ಪಿಇಎ ಎನ್ನುತ್ತಾರೆ. ಮಾನಿಟರಿನಲ್ಲಿ ಬದುಕಿದವರ ರೇಖೆ, ದೇಹದಲ್ಲಿ ರಕ್ತಸಂಚಾರವಿಲ್ಲ. ಶಾಕ್ ಇದಕ್ಕೆ ಕೆಲಸ ಮಾಡುವುದಿಲ್ಲ, ಎದೆ ಒತ್ತುವುದನ್ನು ಮುಂದುವರಿಸಬೇಕು.

ಲಯಕ್ಕೂ ನಾಡಿಗೂ ಎರಡು ಬೇರೆ ಅಂಕಣ ಇಟ್ಟಿರುವುದು ಈ ಬಲೆಗೆ ಬೀಳದಿರಲೆಂದು. 'ಲಯ: ಸರಿ' ಎಂದು ಬರೆದು ನಾಡಿಯ ಚೌಕ ಕಾಲಿ ಬಿಟ್ಟಿದ್ದರೆ, ಆ ಎರಡು ನಿಮಿಷ ಎದೆ ಒತ್ತಿದರೋ ಇಲ್ಲವೋ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ. ಸ್ತಂಭನದ ಮೊದಲ ಲಯ ಯಾವುದು ಎಂಬ ಚೌಕವಂತೂ ಹಾಳೆಯ ಬೆನ್ನೆಲುಬು. ಆಸ್ಪತ್ರೆಯೊಳಗಿನ ಸ್ತಂಭನಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಶಾಕಿಗೆ ಬಗ್ಗದವು: ಒಂದೋ ಪಿಇಎ, ಇಲ್ಲವೇ ನೇರ ಗೆರೆಯ ಅಸಿಸ್ಟೊಲಿ. ಅಂಥವರಲ್ಲಿ ನೋಡಬೇಕಾದದ್ದು ಶಾಕಿನ ಹೊತ್ತನ್ನಲ್ಲ, ಮೊದಲ ಅಡ್ರಿನಲಿನ್ ಎಷ್ಟು ಬೇಗ ಹೋಯಿತು ಎಂಬುದನ್ನು. ಜೊತೆಗೆ ಹೃದಯ ನಿಲ್ಲಲು ಕಾರಣ ಹುಡುಕಿದರೇ ಎಂಬುದನ್ನೂ ನೋಡಬೇಕು. ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿಗೆ ಪೊಟ್ಯಾಶಿಯಂ ಏರಿ ಹೃದಯ ನಿಂತಿದ್ದರೆ ಕ್ಯಾಲ್ಶಿಯಂ ಕೊಡಬೇಕಾಗುತ್ತದೆ. ಔಷಧಿಯ ಅಂಕಣದಲ್ಲಿ ಬರೀ ಅಡ್ರಿನಲಿನ್ ಸಾಲುಗಟ್ಟಿದ್ದರೆ ಕಾರಣದ ಕಡೆ ಯಾರ ಗಮನವೂ ಹೋಗಿರಲಿಲ್ಲವೇನೋ ಎಂಬ ಪ್ರಶ್ನೆ ಏಳುತ್ತದೆ.

ಅಡ್ರಿನಲಿನ್ ಕೊಡುವ ನಿಯಮ ಮೂರರಿಂದ ಐದು ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ. ನಮ್ಮ ರೋಗಿಗೆ ಮೊದಲನೆಯದು 02:20ಕ್ಕೆ ಹೋಗಿತ್ತು. ದಾಖಲೆ ಬರೆಯುತ್ತಿದ್ದ ಸಿಸ್ಟರ್ ಇಲ್ಲಿ ತಲೆಯೆತ್ತಿ ಹೇಳುತ್ತಾರೆ: 'ಮೇಡಂ, ಅಡ್ರಿನಲಿನ್ ಕೊಟ್ಟು ನಾಲ್ಕು ನಿಮಿಷ ಆಯ್ತು.' ಮುಖ್ಯಸ್ಥೆ 'ಇನ್ನೊಂದು ಒಂದು ಮಿಲಿಗ್ರಾಂ ಕೊಡಿ' ಎನ್ನುತ್ತಾರೆ. ಔಷಧಿ ಹಿಡಿದವರು 'ಅಡ್ರಿನಲಿನ್ ಒಂದು ಮಿಲಿಗ್ರಾಂ' ಎಂದು ಆ ಮಾತನ್ನೇ ಮರಳಿ ಹೇಳಿ, ಕೊಟ್ಟು, ಹಿಂದೆಯೇ 20 ಎಂಎಲ್ ಸಲೈನ್ ತಳ್ಳಿ, 'ಕೊಟ್ಟಾಯ್ತು' ಎನ್ನುತ್ತಾರೆ. ಆಗ ಹಾಳೆಯಲ್ಲಿ 02:24 ಬೀಳುತ್ತದೆ. ಬರೆಯಬೇಕಾದದ್ದು 'ಕೊಡಿ' ಎಂದ ಹೊತ್ತನ್ನಲ್ಲ, 'ಕೊಟ್ಟಾಯ್ತು' ಎಂದ ಹೊತ್ತನ್ನು. ಗಾಡಿಯ ಡ್ರಾಯರಿನಲ್ಲಿ ಆಂಪುಲ್ ಹುಡುಕಿ, ಒಡೆದು, ಸಿರಿಂಜಿಗೆ ಎಳೆಯುವಷ್ಟರಲ್ಲಿ ಎರಡಕ್ಕೂ ಒಂದು ನಿಮಿಷ ವ್ಯತ್ಯಾಸ ಬರುವುದು ಮಾಮೂಲು. 'ಒಂದು ಆಂಪುಲ್' ಎಂದು ಬರೆಯುವ ಅಭ್ಯಾಸವೂ ಬಿಡಬೇಕಾದದ್ದು, ಆಂಪುಲಿನಲ್ಲಿ ಎಷ್ಟು ಔಷಧಿ ಇತ್ತೆಂಬುದು ಆಮೇಲೆ ಯಾರಿಗೂ ಗೊತ್ತಾಗದು. ಒಡೆದ ಆಂಪುಲುಗಳನ್ನು ಕಸದ ಬುಟ್ಟಿಗೆ ಹಾಕದೆ ಒಂದು ಟ್ರೇಯಲ್ಲಿ ಕೂಡಿಡುವ ವಾರ್ಡುಗಳಿವೆ. ಕೊನೆಯಲ್ಲಿ ಎಣಿಸಿ ಹಾಳೆಯೊಂದಿಗೆ ತಾಳೆ ನೋಡುತ್ತಾರೆ. ಟ್ರೇಯಲ್ಲಿ ಮೂರು, ಹಾಳೆಯಲ್ಲಿ ಎರಡು ಎಂದಾದರೆ ಒಂದನ್ನು ಬರೆಯಲು ಬಿಟ್ಟಿದ್ದಾರೆ, ಇಲ್ಲವೇ ಒಡೆದು ಕೊಡದೆ ಉಳಿಸಿದ್ದಾರೆ. ಎರಡನ್ನೂ ಅಲ್ಲಿಯೇ, ನೆನಪು ಹಸಿಯಾಗಿರುವಾಗಲೇ ಕೇಳಿ ಸರಿಪಡಿಸಬಹುದು.

02:25ಕ್ಕೆ ಮತ್ತೆ ಲಯ ನೋಡಿದಾಗ ಅದೇ ಅಲೆಗಳು, ಈ ಸಲ ಬೆರಳಿಗೆ ನಾಡಿ ತಾಗುತ್ತದೆ. ರಕ್ತದೊತ್ತಡ 90/60. ಹಾಳೆಯಲ್ಲಿ 'ರಕ್ತಸಂಚಾರ ಮರಳಿದ ಹೊತ್ತು' 02:25 ಎಂದು ಬರೆಯುತ್ತಾರೆ, ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಉಟ್‌ಸ್ಟೈನ್ ಮಾದರಿಯ ಪ್ರಕಾರ ಇಪ್ಪತ್ತು ನಿಮಿಷ ನಾಡಿ ಉಳಿದರೆ ಅದು ನಿಂತ ಗೆಲುವು. ಐದು ನಿಮಿಷದಲ್ಲಿ ಮತ್ತೆ ನಿಂತರೆ ಅದು ಅದೇ ಘಟನೆಯ ಮುಂದುವರಿಕೆ, ಹೊಸ ಹಾಳೆ ತೆರೆಯುವಂತಿಲ್ಲ.

ಇಷ್ಟೆಲ್ಲ ಬರೆದವರು ಯಾರು? ನಮ್ಮಲ್ಲಿ ಸಾಮಾನ್ಯವಾಗಿ ಅಲ್ಲಿದ್ದವರಲ್ಲೇ ಎಲ್ಲರಿಗಿಂತ ಕಿರಿಯ ಸಿಸ್ಟರ್. ಅನುಭವ ಇದ್ದವರು ಎದೆ ಒತ್ತಲಿ, ಉಸಿರಿನ ಕೊಳವೆ ಹಾಕಲಿ, ಔಷಧಿ ಕೊಡಲಿ, ಹೊಸಬಳು ಬರೆಯಲಿ ಎಂಬ ಲೆಕ್ಕಾಚಾರ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ದಾಖಲೆ ಬರೆಯುವವರಿಗೆ ಮಾನಿಟರಿನಲ್ಲಿ ಕಂಡದ್ದು ವಿಎಫೋ ಪಿಇಎಯೋ ಎಂದು ತಿಳಿಯಬೇಕು, ಗದ್ದಲದಲ್ಲಿ ಮುಖ್ಯಸ್ಥರ ದನಿಯನ್ನು ಹೆಕ್ಕಿ ಕೇಳಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ ಬಿಟ್ಟು ಹೇಳುವ ಧೈರ್ಯ ಬೇಕು. 'ಎರಡು ನಿಮಿಷ ಆಯ್ತು, ಒತ್ತುವವರು ಬದಲಾಗಿ' ಎಂದು ಹಿರಿಯ ಡಾಕ್ಟರಿಗೆ ಕೇಳುವಂತೆ ಕೂಗುವುದು ಮೊನ್ನೆ ಕೆಲಸಕ್ಕೆ ಸೇರಿದವಳಿಗೆ ಸುಲಭವಲ್ಲ. ಎದೆ ಒತ್ತುವವರು ಎರಡು ನಿಮಿಷದಲ್ಲಿ ದಣಿಯುತ್ತಾರೆ. ತಮಗೆ ದಣಿವಾಗಿಲ್ಲ ಎಂದುಕೊಂಡಾಗಲೂ ಒತ್ತು ಐದು ಸೆಂಟಿಮೀಟರಿಗಿಂತ ಕಡಿಮೆಯಾಗಿರುತ್ತದೆ. ಅದನ್ನು ನೆನಪಿಸುವ ದನಿ ಹಾಳೆ ಹಿಡಿದವರದೇ.

ತಂಡದ ಹೆಸರುಗಳ ಚೌಕವೂ ಹೀಗೆಯೇ. ಮುಖ್ಯಸ್ಥರು ಯಾರು, ಎದೆ ಒತ್ತಿದವರು, ಉಸಿರು ನೋಡಿಕೊಂಡವರು, ಡಿಫಿಬ್ರಿಲೇಟರ್ ಹಿಡಿದವರು, ಔಷಧಿ ಕೊಟ್ಟವರು, ಬರೆದವರು ಎಂದು ಹೆಸರಿನ ಜೊತೆ ಕೆಲಸವನ್ನೂ ಬರೆಯಬೇಕು. ಕೆಲವು ಹಾಳೆಗಳಲ್ಲಿ ಹನ್ನೆರಡು ಸಹಿಗಳಿರುತ್ತವೆ, ಮುಖ್ಯಸ್ಥರು ಯಾರೆಂದು ಗೊತ್ತಾಗುವುದಿಲ್ಲ. ಅಂದು ಆ ಕೋಣೆಯಲ್ಲೂ ಗೊತ್ತಿರಲಿಲ್ಲ ಎಂದೇ ಅರ್ಥ. ಮುಖ್ಯಸ್ಥರ ಹೆಸರೇ ಕೊಳವೆ ಹಾಕಿದವರ ಚೌಕದಲ್ಲೂ ಇದ್ದರೆ, ಅವರು ಗಂಟಲೊಳಗೆ ನೋಡುತ್ತಿದ್ದಾಗ ಮಾನಿಟರ್ ಯಾರು ನೋಡುತ್ತಿದ್ದರು ಎಂದು ಕೇಳಬೇಕಾಗುತ್ತದೆ.

ಎಷ್ಟೋ ಸಲ ಹಾಳೆ ಕೈಗೆ ಸಿಗದೆ ಗ್ಲೌಸಿನ ಡಬ್ಬಿಯ ಮೇಲೆ, ಟಿಶ್ಯೂ ಕಾಗದದ ಮೇಲೆ, ಅಂಗೈ ಮೇಲೂ ಹೊತ್ತು ಬರೆದುಕೊಳ್ಳುತ್ತಾರೆ. ಅದು ತಪ್ಪಲ್ಲ, ಅದೇ ನಿಜವಾದ ದಾಖಲೆ. ಅದನ್ನು ನೋಡಿ ಹಾಳೆ ತುಂಬಿಸಿ, ತಡವಾಗಿ ಬರೆದದ್ದು ಎಂದು ಸ್ಪಷ್ಟವಾಗಿ ನಮೂದಿಸಿ, ಬರೆದ ಹೊತ್ತು ಹಾಕಿ ಸಹಿ ಮಾಡಿದರೆ ಮುಗಿಯಿತು. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ವೈಟ್‌ನರ್ ಹಚ್ಚಿದ ಹಾಳೆಯನ್ನು ಯಾರೂ ನಂಬುವುದಿಲ್ಲ. ಮರುದಿನ ಬೆಳಿಗ್ಗೆ ನೆನಪಿನಿಂದ ಬರೆದ ಹಾಳೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಅದರಲ್ಲಿ ಹೊತ್ತುಗಳೆಲ್ಲ 02:15, 02:20, 02:25 ಎಂದು ಐದರ ಮಗ್ಗಿ ಹೇಳುತ್ತಿರುತ್ತವೆ, ಶಾಯಿ ಮೊದಲಿಂದ ಕೊನೆಯವರೆಗೆ ಒಂದೇ, ಅಕ್ಷರ ಮುತ್ತಿನಂತೆ. ನಿಜವಾದ ಹಾಳೆಯಲ್ಲಿ 02:17 ಇರುತ್ತದೆ, ಅಕ್ಷರ ಓಡಿರುತ್ತದೆ. ಇನ್ನೊಂದು ವಿಚಿತ್ರವೆಂದರೆ ಹಳೆಯ ಮುದ್ರಣದ ಹಾಳೆಗಳು. ಅಸಿಸ್ಟೊಲಿ, ಪಿಇಎ ಚಿಕಿತ್ಸೆಯ ಕ್ರಮದಿಂದ ಅಟ್ರೋಪಿನ್ ಔಷಧಿಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಕೈಬಿಟ್ಟಿದೆ. ಹಾಳೆಯಲ್ಲಿ ಅದಕ್ಕೊಂದು ಅಂಕಣ ಅಚ್ಚಾಗಿಯೇ ಉಳಿದರೆ, ಕಾಲಿ ಅಂಕಣ ಕಂಡವರಿಗೆ ತುಂಬಬೇಕೆನಿಸುತ್ತದೆ.

ಓದುಗರಿಗೊಂದು ಮಾತು. ಈ ಹಾಳೆ ರೋಗಿಯ ಕಡತದ ಭಾಗ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು, ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಮನೆಯವರಿಗೆ ಆಸ್ಪತ್ರೆಯಲ್ಲಿ ಕೋಡ್ ಬ್ಲೂ ಆಗಿದ್ದು, ಏನಾಯಿತೆಂದು ತಿಳಿಯಬೇಕು ಅನ್ನಿಸಿದರೆ ಡಿಸ್ಚಾರ್ಜ್ ಸಮರಿಯ ಒಂದು ಸಾಲಿಗೆ ತೃಪ್ತಿಪಡಬೇಡಿ. ಲಿಖಿತವಾಗಿ ಅರ್ಜಿ ಕೊಟ್ಟು ಕೋಡ್ ಬ್ಲೂ ಹಾಳೆಯನ್ನೂ ಡಿಫಿಬ್ರಿಲೇಟರಿನ ಪಟ್ಟಿಯನ್ನೂ ಕೇಳಿ ಪಡೆಯಿರಿ. ಎರಡರ ಹೊತ್ತು ಹೊಂದದಿದ್ದರೆ ಕೂಡಲೇ ಜಗಳಕ್ಕೆ ಹೋಗಬೇಡಿ, ಯಾವ ಗಡಿಯಾರ ನೋಡಿ ಬರೆದದ್ದು ಎಂದು ಮೊದಲು ಕೇಳಿ.